ಗುಂಡಿ ಒತ್ತಿದರೆ ಅದೇ ಪುಟ ಬರಬೇಕು

ಸಾಲ ಯೋಜನೆಯೊಂದರ ವಿವರ ಹುಡುಕುತ್ತ ನಾಲ್ಕಾರು ಪುಟ ದಾಟಿ, ಕೊನೆಗೆ ಬೇಕಾದ ಪುಟಕ್ಕೆ ಬಂದಿರುತ್ತೀರಿ. ಪುಟ ಇಂಗ್ಲಿಷಿನಲ್ಲಿದೆ. ಇದನ್ನೇ ಅಮ್ಮನಿಗೂ ಓದಲು ಕೊಡೋಣವೆಂದು ಮೇಲ್ತುದಿಯಲ್ಲಿರುವ ‘ಕನ್ನಡ’ವನ್ನು ಒತ್ತುತ್ತೀರಿ. ತೆರೆದುಕೊಳ್ಳುವುದು ಜಾಲತಾಣದ ಮುಖಪುಟ. ಅಲ್ಲಿಂದ ಮತ್ತೆ ಮೊದಲಿನಿಂದ ಹುಡುಕಬೇಕು, ಈ ಸಲ ಕನ್ನಡದ ಮೆನುವಿನಲ್ಲಿ. ಎರಡು ಭಾಷೆಯ ತಾಣಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಅನೇಕರು ಭಾಷೆಯ ಗುಂಡಿಯನ್ನು ಮುಟ್ಟುವುದನ್ನೇ ಬಿಟ್ಟಿದ್ದಾರೆ.

ಇದು ಅನುವಾದದ ಕೊರತೆಯಲ್ಲ. ಆ ಸಾಲದ ಪುಟ ಕನ್ನಡದಲ್ಲೂ ಇರಬಹುದು, ಚೆನ್ನಾಗಿಯೇ ಬರೆದಿರಬಹುದು. ಆದರೆ ‘ಈ ಇಂಗ್ಲಿಷ್ ಪುಟದ ಜೋಡಿ ಆ ಕನ್ನಡ ಪುಟ’ ಎಂಬ ಸಂಗತಿಯನ್ನು ತಾಣದಲ್ಲಿ ಎಲ್ಲಿಯೂ ದಾಖಲಿಸಿಲ್ಲ. ಇಂಗ್ಲಿಷಿನಲ್ಲಿ ಒಂದು ತಾಣ ಕಟ್ಟಿ, ಪಕ್ಕದಲ್ಲಿ ಕನ್ನಡದ ಇನ್ನೊಂದನ್ನು ನಿಲ್ಲಿಸಿ, ಎರಡರ ಮುಂಬಾಗಿಲುಗಳ ನಡುವೆ ಮಾತ್ರ ದಾರಿ ಹಾಕಿದಾಗ ಹೀಗಾಗುತ್ತದೆ. ಭಾಷೆ ಬದಲಿಸುವ ಕೊಂಡಿ ಪ್ರತಿ ಪುಟಕ್ಕೂ ಅದರದ್ದೇ ಆಗಿರಬೇಕು. ಹಾಗಿರಬೇಕಾದರೆ ತಾಣವನ್ನು ಹೇಗೆ ಜೋಡಿಸಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘ ತನ್ನ ಜಾಲತಾಣ ಮಾಡಿಸುತ್ತಿದೆ ಎಂದುಕೊಳ್ಳಿ. ಸದಸ್ಯರು ಬಹುತೇಕ ಕನ್ನಡದಲ್ಲೇ ಓದುವವರು. ಹೊರರಾಜ್ಯದ ಖರೀದಿದಾರರಿಗೆ, ಊರು ಬಿಟ್ಟು ಬೆಳೆದು ಕನ್ನಡ ಮಾತಾಡಿದರೂ ಓದಲು ತಡವರಿಸುವ ಮೊಮ್ಮಕ್ಕಳಿಗೆ ಇಂಗ್ಲಿಷ್ ಬೇಕು. ಪುಟಗಳು ಹೆಚ್ಚೇನಿಲ್ಲ: ಇಂದಿನ ಧಾರಣೆ, ಸದಸ್ಯತ್ವ, ಸಾಲ, ಸಂಘದ ಉಪನಿಯಮಗಳು, ನೋಟಿಸುಗಳು, ಸಂಪರ್ಕ.

ಮೊದಲು ತೀರ್ಮಾನಿಸಬೇಕಾದದ್ದು ವಿಳಾಸ. ಸುಲಭವಾಗಿ ಹೊಳೆಯುವ ದಾರಿಯೆಂದರೆ, ಧಾರಣೆಯ ಪುಟಕ್ಕೆ ಒಂದೇ ವಿಳಾಸ ಕೊಟ್ಟು, ಓದುಗರು ಯಾವ ಭಾಷೆ ಆರಿಸಿದ್ದಾರೆ ಎಂಬುದನ್ನು ಅವರ ಬ್ರೌಸರಿನಲ್ಲೇ ಕುಕಿಯಾಗಿ ನೆನಪಿಟ್ಟು, ಅದಕ್ಕೆ ತಕ್ಕ ಪಠ್ಯ ತೋರಿಸುವುದು. ಮಾಡಿದವರ ಕಂಪ್ಯೂಟರಿನಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಡವುವುದು ವಾಟ್ಸ್‌ಆ್ಯಪ್‌ನಲ್ಲಿ. ಕಾರ್ಯದರ್ಶಿಗಳು ಕನ್ನಡದಲ್ಲಿ ನೋಡುತ್ತಿದ್ದ ಪುಟದ ಲಿಂಕನ್ನು ಸದಸ್ಯರ ಗುಂಪಿಗೆ ಹಾಕುತ್ತಾರೆ. ಒತ್ತಿದವರ ಫೋನಿನಲ್ಲಿ ಆ ಕುಕಿ ಇಲ್ಲ, ಹಾಗಾಗಿ ಅವರಿಗೆ ಇಂಗ್ಲಿಷ್ ಪುಟ ಬರುತ್ತದೆ. ಗೂಗಲ್‌ನಂಥ ಹುಡುಕುತಾಣದ ಕಥೆಯೂ ಇದೇ. ಅದರ ಯಂತ್ರ ಕುಕಿ ಹೊತ್ತು ಬರುವುದಿಲ್ಲ, ಆದ್ದರಿಂದ ಒಂದು ವಿಳಾಸದಲ್ಲಿ ಒಂದೇ ಭಾಷೆಯನ್ನು ಕಂಡು ಹೋಗುತ್ತದೆ. ಇನ್ನೊಂದು ಭಾಷೆಯ ಪುಟ ಹುಡುಕುವವರ ಪಾಲಿಗೆ ಇಲ್ಲವೇ ಇಲ್ಲ.

ಆದ್ದರಿಂದ ಭಾಷೆ ವಿಳಾಸದಲ್ಲೇ ಕಾಣಬೇಕು. ವಿಕಿಪೀಡಿಯ ಇದನ್ನು ವಿಳಾಸದ ತಲೆಯಲ್ಲಿ ಇಟ್ಟಿದೆ: ಕನ್ನಡದ್ದು `kn.wikipedia.org`, ಇಂಗ್ಲಿಷಿನದು `en.wikipedia.org`. ಪ್ರತಿ ಭಾಷೆಗೂ ಬೇರೆ ಸಮುದಾಯ, ಬೇರೆ ಆಡಳಿತ ಇರುವ ದೊಡ್ಡ ತಾಣಕ್ಕೆ ಅದು ಸರಿ. ನಮ್ಮ ಸಂಘದಂಥ ಸಣ್ಣ ತಾಣಕ್ಕೆ ಒಂದೇ ಹೆಸರಿನ ಕೆಳಗೆ ಎರಡು ವಿಭಾಗ ಮಾಡುವುದು ಸರಳ, ಖರ್ಚೂ ಕಡಿಮೆ:

```
/kn/dharane/
/en/dharane/
```

ವಿಳಾಸದ ಕೊನೆಯ ಭಾಗವನ್ನು ಕನ್ನಡ ಲಿಪಿಯಲ್ಲೇ ಇಟ್ಟರೇನು ಎಂದು ಕೇಳುವವರಿದ್ದಾರೆ. ತಾಂತ್ರಿಕವಾಗಿ ಅಡ್ಡಿಯಿಲ್ಲ, ಬ್ರೌಸರಿನ ಪಟ್ಟಿಯಲ್ಲಿ ಚಂದವಾಗಿಯೂ ಕಾಣುತ್ತದೆ. ಆದರೆ ಅದನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಬಹಳ ಸಲ ಒಳಗಿನ ರೂಪ ಹೊರಬೀಳುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಒಂದೊಂದು ಬೈಟನ್ನು ಮೂರು ಅಕ್ಷರಗಳಲ್ಲಿ ಬರೆಯಬೇಕು. ‘ಧಾರಣೆ’ ಎಂಬ ಪುಟ್ಟ ಪದದಲ್ಲಿ, ದೀರ್ಘ ಮತ್ತು ಎತ್ವದ ಗುರುತುಗಳನ್ನೂ ಸೇರಿಸಿ, ಐದು ಸಂಕೇತಗಳಿವೆ. ಅದು 45 ಅಕ್ಷರಗಳ ಸಾಲಾಗುತ್ತದೆ:

```
%E0%B2%A7%E0%B2%BE%E0%B2%B0%E0%B2%A3%E0%B3%86
```

ನೋಟಿಸು ಬೋರ್ಡಿನಲ್ಲಿ ಬರೆಯಬೇಕಾದ, ಫೋನಿನಲ್ಲಿ ಬಾಯಿಂದ ಹೇಳಬೇಕಾದ ವಿಳಾಸಕ್ಕೆ ಇದು ಹೊಂದುವುದಿಲ್ಲ. ಸಂಘದ ತಾಣಕ್ಕೆ ಎರಡೂ ಭಾಷೆಯಲ್ಲಿ `dharane` ಎಂದೇ ಇಡುವುದು ಮೇಲು. ವ್ಯತ್ಯಾಸ ಮಧ್ಯದ ಎರಡಕ್ಷರ ಮಾತ್ರ ಎಂಬುದು ನೋಡಿದವರಿಗೆ ತಾನೇ ತಿಳಿಯುತ್ತದೆ.

ಹಾಗೆಂದು ವಿಳಾಸದ ಹೋಲಿಕೆಯನ್ನೇ ನಂಬಿ ಜೋಡಿ ಕಟ್ಟಬಾರದು. ನಾಳೆ ಯಾರೋ ಇಂಗ್ಲಿಷ್ ಪುಟದ ಹೆಸರನ್ನು `prices` ಎಂದು ಬದಲಿಸಿದರೆ ಜೋಡಿ ಕಡಿದುಹೋಗುತ್ತದೆ. ಈ ಸಮಸ್ಯೆಯನ್ನು ವಿಕಿಪೀಡಿಯ ವರ್ಷಗಟ್ಟಲೆ ಅನುಭವಿಸಿತು. ಮೊದಲು ಪ್ರತಿ ಲೇಖನದ ತುದಿಯಲ್ಲೂ ಅದೇ ವಿಷಯದ ಬೇರೆ ಭಾಷೆಯ ಲೇಖನಗಳ ಪಟ್ಟಿ ಇರುತ್ತಿತ್ತು. ಬೆಂಗಳೂರಿನ ಬಗ್ಗೆ ಒಂದು ಭಾಷೆಯ ಲೇಖನದ ಹೆಸರು ಬದಲಾದರೆ ಉಳಿದೆಲ್ಲ ಭಾಷೆಗಳ ಪಟ್ಟಿಯನ್ನೂ ತಿದ್ದಬೇಕು. ಈ ತಿದ್ದುಪಡಿಗೆಂದೇ ಸ್ವಯಂಚಾಲಿತ ಬಾಟ್‌ಗಳು ಓಡಾಡುತ್ತಿದ್ದವು. 2012ರಲ್ಲಿ ವಿಕಿಡೇಟಾ ಶುರುವಾಯಿತು, 2013ರಲ್ಲಿ ಈ ಪಟ್ಟಿಗಳ ಕೆಲಸವನ್ನು ಅದು ವಹಿಸಿಕೊಂಡಿತು. ಈಗ ಬೆಂಗಳೂರು ಎಂಬ ವಿಷಯಕ್ಕೆ `Q1355` ಎಂಬ ಒಂದು ಸಂಖ್ಯೆಯಿದೆ. ಕನ್ನಡದ ಲೇಖನವೂ ಇಂಗ್ಲಿಷಿನದೂ ಉಳಿದೆಲ್ಲವೂ ಆ ಒಂದು ಸಂಖ್ಯೆಗೆ ಅಂಟಿಕೊಂಡಿವೆ. ಲೇಖನಗಳು ಒಂದನ್ನೊಂದು ನೆನಪಿಡಬೇಕಿಲ್ಲ, ಪ್ರತಿಯೊಂದೂ ತನ್ನ ಸಂಖ್ಯೆಯನ್ನು ತಿಳಿದಿದ್ದರೆ ಸಾಕು.

ಆರು ಪುಟದ ತಾಣಕ್ಕೂ ಇದೇ ಉಪಾಯ ಸಾಕು. ಪ್ರತಿ ವಿಷಯಕ್ಕೂ ಒಂದು ಗುರುತು ಕೊಡಿ, ಅದನ್ನು ಎರಡೂ ಭಾಷೆಯ ಕಡತಗಳಲ್ಲಿ ಬರೆದಿಡಿ. ಹ್ಯೂಗೋ ಎಂಬ ಉಚಿತ ತಂತ್ರಾಂಶದಲ್ಲಿ ತಾಣ ಕಟ್ಟುವುದಾದರೆ ಕನ್ನಡ ಕಡತದ ತಲೆ ಹೀಗಿರುತ್ತದೆ:

```
---
title: "ಇಂದಿನ ಅಡಿಕೆ ಧಾರಣೆ"
translationKey: "dharane"
---
```

ಇಂಗ್ಲಿಷ್ ಕಡತದಲ್ಲಿ ಶೀರ್ಷಿಕೆ ಬೇರೆ, `translationKey` ಮಾತ್ರ ಇದೇ. ಗುರುತು ಒಂದೇ ಇರುವ ಎರಡು ಪುಟಗಳನ್ನು ತಂತ್ರಾಂಶವೇ ಜೋಡಿಯೆಂದು ತಿಳಿಯುತ್ತದೆ, ಭಾಷೆಯ ಕೊಂಡಿಯನ್ನು ಅದರಿಂದಲೇ ಮಾಡಿಕೊಡುತ್ತದೆ. ವರ್ಡ್‌ಪ್ರೆಸ್ ಬಳಸುವವರಿಗೆ ಪಾಲಿಲ್ಯಾಂಗ್‌ನಂಥ ಪ್ಲಗಿನ್‌ಗಳು ಇದೇ ಕೆಲಸ ಮಾಡುತ್ತವೆ. ದ್ರುಪಾಲ್‌ನ 8ನೇ ಆವೃತ್ತಿಯಿಂದ ಬಹುಭಾಷೆಯ ವ್ಯವಸ್ಥೆ ಮೂಲದಲ್ಲೇ ಸೇರಿದೆ. ಯಾವುದನ್ನು ಬಳಸಿದರೂ ತಾಣ ಮಾಡಿಕೊಡುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಪುಟದ ಜೋಡಿ ಯಾವುದೆಂಬುದು ಎಲ್ಲಿ ಬರೆದಿದೆ? ಉತ್ತರವಾಗಿ ಒಂದು ಜಾಗ ತೋರಿಸಲು ಅವರಿಗೆ ಆಗದಿದ್ದರೆ, ಗುಂಡಿ ಮುಖಪುಟಕ್ಕೇ ಹೋಗುತ್ತದೆ.

ಎರಡು ಭಾಷೆಯೆಂದರೆ ಎಲ್ಲವನ್ನೂ ಎರಡು ಸಲ ಬರೆಯುವುದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಧಾರಣೆಯ ಪುಟದಲ್ಲಿ ರಾಶಿ, ಬೆಟ್ಟೆ, ಚಾಲಿ ಹೀಗೆ ಬಗೆಗಳಿವೆ. ಪ್ರತಿಯೊಂದಕ್ಕೂ ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ಬೆಲೆ ಇದೆ. ವ್ಯಾಪಾರವಾದ ದಿನ ಸಿಬ್ಬಂದಿ ಈ ಅಂಕಿಗಳನ್ನು ಕನ್ನಡ ಪುಟದಲ್ಲಿ ಒಮ್ಮೆ, ಇಂಗ್ಲಿಷ್ ಪುಟದಲ್ಲಿ ಮತ್ತೊಮ್ಮೆ ಟೈಪ್ ಮಾಡಬೇಕಾದರೆ, ಗಡಿಬಿಡಿಯ ಒಂದು ದಿನ ಎರಡನೆಯದು ಉಳಿದೇ ಉಳಿಯುತ್ತದೆ. ಆಗ ಒಂದೇ ಸಂಘ ಒಂದೇ ದಿನ ಎರಡು ಧಾರಣೆ ಹೇಳಿದಂತಾಗುತ್ತದೆ, ಹಣದ ವಿಷಯದಲ್ಲಿ ಅದು ಜಗಳಕ್ಕೆ ದಾರಿ. ಅಂಕಿಗಳು ಒಂದೇ ಕೋಷ್ಟಕದಲ್ಲಿರಬೇಕು. ಎರಡೂ ಪುಟಗಳು ಅಲ್ಲಿಂದ ಓದಿಕೊಂಡು, ತಲೆಬರಹವನ್ನು ಮಾತ್ರ ತಮ್ಮ ಭಾಷೆಯಲ್ಲಿ ತೋರಿಸಬೇಕು. ದಿನಾಂಕ, ಫೋನ್ ಸಂಖ್ಯೆ, ಬಡ್ಡಿ ದರ, ನಕ್ಷೆ, ಚಿತ್ರಗಳಿಗೂ ಇದೇ ನಿಯಮ. ವಾಕ್ಯಗಳು ಎರಡು ಕಡೆ ಇರಲಿ, ಅಂಕಿಗಳು ಒಂದೇ ಕಡೆ.

ಇನ್ನು ಹೆಚ್ಚು ಯೋಚನೆ ಬೇಡುವ ಭಾಗ: ಜೋಡಿಯೇ ಇಲ್ಲದ ಪುಟಗಳು. ಸಂಘದ ಉಪನಿಯಮಗಳು ಕನ್ನಡದಲ್ಲಷ್ಟೇ ಇವೆ, ಅವುಗಳ ಇಂಗ್ಲಿಷ್ ಸದ್ಯಕ್ಕೆ ಯಾರಿಗೂ ಬೇಕಿಲ್ಲ. ಸಂಜೆ ಹಾಕಿದ ನೋಟಿಸಿಗೆ ಅನುವಾದ ಎರಡು ದಿನ ತಡವಾಗಬಹುದು. ಇಂಥ ಪುಟದಲ್ಲಿ ಭಾಷೆಯ ಗುಂಡಿ ಏನು ಮಾಡಬೇಕು?

ಕೆಲವರು ಮುಖಪುಟಕ್ಕೆ ಕಳಿಸುತ್ತಾರೆ, ಓದುಗರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಕೆಲವರು `/en/` ವಿಳಾಸದಲ್ಲೇ ಕನ್ನಡ ಪಠ್ಯವನ್ನು ತೋರಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಮೆನು ಇಂಗ್ಲಿಷ್, ಒಳಗೆಲ್ಲ ಕನ್ನಡ, ಹುಡುಕುತಾಣದ ಕಣ್ಣಿಗೆ ಒಂದೇ ಪಠ್ಯಕ್ಕೆ ಎರಡು ವಿಳಾಸ. ಸರಿಯಾದ ಉತ್ತರ ನೇರವಾಗಿ ಹೇಳಿಬಿಡುವುದು. ಉಪನಿಯಮಗಳ ಪುಟದಲ್ಲಿ ‘English’ ಇರುವ ಜಾಗದಲ್ಲಿ ಕೊಂಡಿಯಿಲ್ಲದ ಮಸುಕಾದ ಹೆಸರು, ಅದರ ಪಕ್ಕದಲ್ಲಿ ‘ಈ ಪುಟ ಕನ್ನಡದಲ್ಲಿ ಮಾತ್ರ ಇದೆ’ ಎಂಬ ಒಂದು ಸಾಲು. ಕನ್ನಡ ಓದಲಾಗದೆ ಅಲ್ಲಿಗೆ ಬಂದವರಿಗೂ ಗೊತ್ತಾಗಲೆಂದು ಆ ಸಾಲನ್ನು ಇಂಗ್ಲಿಷಿನಲ್ಲೂ ಬರೆದು, ಹತ್ತಿರದ ಇಂಗ್ಲಿಷ್ ಪುಟಕ್ಕೆ, ಅಂದರೆ ಸದಸ್ಯತ್ವದ ವಿವರಕ್ಕೆ, ದಾರಿ ಕೊಡಬಹುದು. ಗುಂಡಿಯನ್ನೇ ಮಾಯ ಮಾಡುವುದು ಬೇಡ. ಇಷ್ಟು ಹೊತ್ತು ಅಲ್ಲಿದ್ದದ್ದು ಈಗ ಕಾಣದಿದ್ದರೆ ಓದುಗರು ತಾವೇ ಏನೋ ತಪ್ಪು ಒತ್ತಿದೆವು ಎಂದುಕೊಳ್ಳುತ್ತಾರೆ.

ಜೋಡಿ ಇದ್ದೂ ಹಳತಾಗಿರುವುದು ಇದಕ್ಕಿಂತ ಅಪಾಯ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಸಾಲಕ್ಕೆ ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ ತಿದ್ದಿದರು, ಇಂಗ್ಲಿಷಿನಲ್ಲಿ ಹಳೆಯ ಪಟ್ಟಿಯೇ ಉಳಿಯಿತು. ಓದಿದವರು ಅದರಂತೆ ಕಾಗದ ಹೊಂದಿಸಿಕೊಂಡು ಬಂದು ಬರಿಗೈಯಲ್ಲಿ ಮರಳುತ್ತಾರೆ. ಇದಕ್ಕೆ ಒಂದು ಸರಳ ಕಾವಲು ಇದೆ. ಪ್ರತಿ ಅನುವಾದದ ಕಡತದಲ್ಲಿ, ಮೂಲ ಪುಟದ ಯಾವ ದಿನಾಂಕದ ರೂಪವನ್ನು ನೋಡಿ ಇದನ್ನು ಬರೆದೆವು ಎಂದು ನಮೂದಿಸುವುದು. ಮೂಲದ ತಿದ್ದುಪಡಿಯ ದಿನಾಂಕ ಅದಕ್ಕಿಂತ ಈಚಿನದಾದರೆ, ಅನುವಾದದ ಪುಟದ ಮೇಲೆ ‘ಮೂಲ ಪುಟ ಬದಲಾಗಿದೆ, ಈ ಅನುವಾದವನ್ನು ಇನ್ನೂ ತಿದ್ದಿಲ್ಲ’ ಎಂಬ ಪಟ್ಟಿ ತಾನಾಗಿ ಬರುವಂತೆ ಮಾಡಬಹುದು. ಯಾವ ಭಾಷೆಯದು ಮೂಲ ಎಂಬುದನ್ನು ಇದಕ್ಕಾಗಿ ಮೊದಲೇ ಗೊತ್ತುಮಾಡಿಕೊಂಡಿರಬೇಕು. ನಮ್ಮ ಸಂಘದಲ್ಲಿ ಅದು ಕನ್ನಡ. ಬಹಳಷ್ಟು ತಾಣಗಳಲ್ಲಿ ಇಂಗ್ಲಿಷನ್ನೇ ಮೂಲವೆಂದು ಯೋಚಿಸದೆ ಒಪ್ಪಿಕೊಂಡುಬಿಡುತ್ತಾರೆ. ಕನ್ನಡ ಪುಟಗಳು ಸದಾ ಹಿಂದೆ ಉಳಿಯುವುದಕ್ಕೆ ಅರ್ಧ ಕಾರಣ ಅದೇ ಎಂದು ನನಗನಿಸುತ್ತದೆ.

ಈಗ ಗುಂಡಿಯ ವಿಷಯ. ಅದರಲ್ಲಿ ಪ್ರತಿ ಭಾಷೆಯ ಹೆಸರೂ ಆಯಾ ಭಾಷೆಯ ಲಿಪಿಯಲ್ಲೇ ಇರಬೇಕು. ಕನ್ನಡವನ್ನು ಹುಡುಕುತ್ತಿರುವವರಿಗೆ ರೋಮನ್ ಅಕ್ಷರದಲ್ಲಿ ಅದರ ಹೆಸರು ಬರೆದು ತೋರಿಸಿ ಪ್ರಯೋಜನವಿಲ್ಲ. ಧ್ವಜದ ಚಿತ್ರ ಬೇಡ. ಬ್ರಿಟನ್ನಿನ ಧ್ವಜ ನಮ್ಮ ಇಂಗ್ಲಿಷಿನ ಗುರುತಲ್ಲ, ಭಾರತದ ಧ್ವಜ ಕನ್ನಡವೊಂದರದ್ದಲ್ಲ. ಗೋಳದ ಚಿತ್ರವೊಂದನ್ನೇ ಇಟ್ಟು, ಒತ್ತಿದ ಮೇಲೆ ಪಟ್ಟಿ ಬಿಚ್ಚುವ ಪದ್ಧತಿ ಇಪ್ಪತ್ತು ಭಾಷೆಯ ತಾಣಕ್ಕೆ ಸರಿ, ಎರಡೇ ಭಾಷೆಗೆ ಅನಗತ್ಯ. ಎರಡೂ ಹೆಸರುಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ, ಈಗಿರುವ ಭಾಷೆಯನ್ನು ದಪ್ಪಕ್ಷರದಲ್ಲಿ, ಇನ್ನೊಂದನ್ನು ಕೊಂಡಿಯಾಗಿ ಇಟ್ಟರೆ ಸಾಕು. ಒಂದೇ ಹೆಸರು ತೋರಿಸಿದರೆ ಅದು ಈಗಿನ ಭಾಷೆಯೋ ಒತ್ತಿದರೆ ಬರುವ ಭಾಷೆಯೋ ಎಂಬ ಗೊಂದಲ ಹುಟ್ಟುತ್ತದೆ. ಫೋನಿನಲ್ಲೂ ಇದು ಪುಟದ ನೆತ್ತಿಯಲ್ಲೇ ಇರಲಿ, ಮೂರು ಗೆರೆಯ ಮೆನುವಿನೊಳಗೆ ಅಡಗಿ ಕೂರುವುದು ಬೇಡ.

```
<nav aria-label="ಭಾಷೆ">
  <b>ಕನ್ನಡ</b>
  <a href="/en/dharane/" lang="en" hreflang="en">English</a>
</nav>
```

ಇದು ನಿಜವಾದ ಕೊಂಡಿ ಎಂಬುದನ್ನು ಗಮನಿಸಿ. ಬೆರಳೊತ್ತಿ ಹಿಡಿದು ಕಾಪಿ ಮಾಡಬಹುದು, ಹೊಸ ಕಿಟಕಿಯಲ್ಲಿ ತೆರೆಯಬಹುದು, ಹುಡುಕುತಾಣವೂ ಇದನ್ನು ಹಿಡಿದು ಆಚೆ ಭಾಷೆಗೆ ಹೋಗಬಲ್ಲದು. ಪುಟದೊಳಗಿನ ಭಾಗಗಳಿಗೂ ಎರಡು ಭಾಷೆಯಲ್ಲಿ ಒಂದೇ ಗುರುತು ಇಟ್ಟು, ಭಾಷೆ ಬದಲಿಸುವಾಗ `#rashi`ಯಂಥ ತುದಿಯನ್ನೂ ಕೊಂಡಿಗೆ ಸೇರಿಸಿದರೆ, ರಾಶಿಯ ಧಾರಣೆ ನೋಡುತ್ತಿದ್ದವರು ಆಚೆಯೂ ರಾಶಿಯ ಸಾಲಿಗೇ ಇಳಿಯುತ್ತಾರೆ.

ಯಾವ ವಿಭಾಗವನ್ನೂ ಹೇಳದೆ ಬರಿಯ ಹೆಸರು ಟೈಪ್ ಮಾಡಿ ಬಂದವರಿಗೆ ಏನು ತೋರಿಸಬೇಕು? ಪ್ರತಿ ಬ್ರೌಸರೂ ತನ್ನ ಯಜಮಾನರಿಗೆ ಬೇಕಾದ ಭಾಷೆ ಯಾವುದೆಂದು `Accept-Language` ಎಂಬ ಸಾಲಿನಲ್ಲಿ ತಿಳಿಸುತ್ತದೆ. ಇದನ್ನು ನಂಬಿ ಓದುಗರನ್ನು ತಾನಾಗಿ ಅತ್ತ ತಳ್ಳುವ ತಾಣಗಳಿವೆ. ನಮ್ಮಲ್ಲಿ ಇದು ನಂಬಿಕೆಗೆ ಯೋಗ್ಯವಲ್ಲ. ಫೋನನ್ನು ಅಂಗಡಿಯಲ್ಲಿ ಹೇಗೆ ಸಿದ್ಧಮಾಡಿ ಕೊಟ್ಟರೋ ಹಾಗೇ ಇಂಗ್ಲಿಷಿನಲ್ಲಿ ಇಟ್ಟುಕೊಂಡು, ದಿನವಿಡೀ ಕನ್ನಡದಲ್ಲೇ ಓದಿ ಬರೆಯುವವರು ಎಲ್ಲೆಲ್ಲೂ ಇದ್ದಾರೆ. ಊರು ನೋಡಿ ಭಾಷೆ ಊಹಿಸುವುದೂ ಆಗದು, ದುಬೈಯಲ್ಲಿ ಕೂತವರು ಕನ್ನಡ ಪುಟ ಬೇಡುತ್ತಿರಬಹುದು. ಗೂಗಲ್‌ನ ಯಂತ್ರ ಹೆಚ್ಚಾಗಿ ಅಮೆರಿಕದಿಂದ ಬರುವುದರಿಂದ, ದೇಶ ನೋಡಿ ಇಂಗ್ಲಿಷಿಗೆ ತಿರುಗಿಸುವ ತಾಣದಲ್ಲಿ ಅದಕ್ಕೆ ಕನ್ನಡ ಪುಟ ಕಾಣುವುದೇ ಇಲ್ಲ. ಸಂಘದ ಮಟ್ಟಿಗೆ, ಬರಿಯ ಹೆಸರಿಗೆ ಬಂದವರಿಗೆ ಕನ್ನಡದ ಮುಖಪುಟವನ್ನು ತೋರಿಸುವುದೇ ನ್ಯಾಯ. ಹಿಂದೊಮ್ಮೆ ಗುಂಡಿ ಒತ್ತಿ ಇಂಗ್ಲಿಷ್ ಆರಿಸಿದ್ದರೆ ಆ ಆಯ್ಕೆಯನ್ನು ಇಲ್ಲಿ ಮಾತ್ರ ನೆನಪಿಸಿಕೊಳ್ಳಲಿ. `/kn/` ಎಂದು ಸ್ಪಷ್ಟವಾಗಿ ಬರೆದ ಲಿಂಕಿನಿಂದ ಬಂದವರನ್ನು ಯಾವ ಕಾರಣಕ್ಕೂ ಬೇರೆ ಕಡೆ ತಿರುಗಿಸಬಾರದು.

ಜೋಡಿಯ ಸಂಗತಿಯನ್ನು ಹುಡುಕುತಾಣಕ್ಕೂ ಓದುಯಂತ್ರಗಳಿಗೂ ತಿಳಿಸುವ ಕೆಲಸ ಉಳಿದಿದೆ. ಕನ್ನಡ ಪುಟದ ಮೂಲಸಂಕೇತದಲ್ಲಿ ಈ ಸಾಲುಗಳಿರುತ್ತವೆ:

```
<html lang="kn">
<link rel="alternate" hreflang="kn"
  href="https://example.org/kn/dharane/">
<link rel="alternate" hreflang="en"
  href="https://example.org/en/dharane/">
```

ಮೊದಲ ಸಾಲು ‘ಈ ಪುಟ ಕನ್ನಡದ್ದು’ ಎನ್ನುತ್ತದೆ. ಕಣ್ಣು ಕಾಣದವರು ಬಳಸುವ ಓದುಯಂತ್ರ ಇದನ್ನು ನೋಡಿಯೇ ಕನ್ನಡದ ದನಿಗೆ ಹೊರಳುತ್ತದೆ. ಇಲ್ಲಿ `en` ಎಂದು ಬಿಟ್ಟರೆ ಅದು ಕನ್ನಡ ಪಠ್ಯವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಪ್ಪಬಹುದು, ಇಲ್ಲವೇ ಹಾರಿಸಿಬಿಡಬಹುದು. ಇಂಗ್ಲಿಷ್ ತಾಣದ ನಕಲು ಮಾಡಿ ಕನ್ನಡ ತುಂಬಿಸಿದವರು ಈ ಸಾಲನ್ನು ತಿದ್ದಲು ಮರೆತಿರುವುದು ಮೇಲೆ ಕಾಣುವುದಿಲ್ಲ, ಹುಡುಕಿಯೇ ನೋಡಬೇಕು. ವಾಹನದ ನೋಂದಣಿ ಸಂಖ್ಯೆಯ ಅಭ್ಯಾಸದಿಂದ `ka` ಎಂದು ಬರೆಯುವುದು ಇನ್ನೊಂದು ತಪ್ಪು. ಭಾಷೆಗಳ ಪಟ್ಟಿಯಲ್ಲಿ `ka` ಎಂದರೆ ಜಾರ್ಜಿಯನ್, ಕನ್ನಡಕ್ಕೆ `kn`.

ಉಳಿದ ಸಾಲುಗಳು ಜೋಡಿಯ ಘೋಷಣೆ. ಕನ್ನಡ ಪುಟದಲ್ಲಿ ಎರಡೂ ವಿಳಾಸಗಳಿರಬೇಕು, ಇಂಗ್ಲಿಷ್ ಪುಟದಲ್ಲೂ ಇವೇ ಎರಡಿರಬೇಕು. ಒಂದು ಕಡೆ ಹೇಳಿ ಇನ್ನೊಂದು ಕಡೆ ಹೇಳದಿದ್ದರೆ ಗೂಗಲ್ ಆ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು. ಜೊತೆಗೆ `canonical` ಎಂಬ ಸಾಲನ್ನೂ ನೋಡಿಕೊಳ್ಳಬೇಕು. ಅದು ‘ಈ ಪಠ್ಯದ ಅಸಲು ವಿಳಾಸ ಇದು’ ಎಂದು ಸೂಚಿಸುವ ಸಾಲು. ಕನ್ನಡ ಪುಟದಲ್ಲಿ ಅದು ಇಂಗ್ಲಿಷ್ ವಿಳಾಸವನ್ನು ತೋರಿಸುತ್ತಿದ್ದರೆ, ಕನ್ನಡ ಪುಟ ಬರಿಯ ನಕಲು ಎಂದು ನಾವೇ ಹೇಳಿಕೊಟ್ಟಂತೆ. ಹುಡುಕಿದಾಗ ಅದು ಬರದಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಮೈಕಟ್ಟಿನ ಬಗ್ಗೆ ಎರಡೇ ಮಾತು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಸಾಲಿನ ಗುಡಿಸುಗಳಿಗೆ ತಾಗುತ್ತವೆ. ಅಕ್ಷರದ ಎತ್ತರದ ಒಂದೂಮುಕ್ಕಾಲು ಪಟ್ಟಿನಷ್ಟು ಅಂತರವನ್ನು ಕನ್ನಡಕ್ಕೆ ಬೇರೆಯಾಗಿಯೇ ಕೊಡಬೇಕು:

```
:lang(kn) { line-height: 1.75; letter-spacing: normal; }
```

ಸಂಘದ ಹಳೆಯ ಕಂಪ್ಯೂಟರಿನಿಂದ ಪಠ್ಯ ತರುವಾಗ ಅದು ಯೂನಿಕೋಡ್ ಹೌದೋ ಅಲ್ಲವೋ ನೋಡಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬರೆದದ್ದು ತಾಣದಲ್ಲಿ ಅಂಟಿಸಿದ ಕೂಡಲೇ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿಬಿಡುತ್ತದೆ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ, ಆದರೆ ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಲೇಬೇಕು.

ತಾಣ ಸಿದ್ಧವಾಯಿತೆಂದು ಹೇಳಿ ಹಣ ಕೇಳಿದಾಗ ಸಂಘದವರು ತಾವೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಪ್ರತಿ ಪುಟವನ್ನು ತೆರೆದು, ಭಾಷೆಯ ಗುಂಡಿ ಒಮ್ಮೆ ಒತ್ತಿ, ಅದೇ ವಿಷಯ ಬಂತೇ ನೋಡುವುದು. ಮತ್ತೊಮ್ಮೆ ಒತ್ತಿದಾಗ ಹೊರಟ ವಿಳಾಸಕ್ಕೇ, ಅಕ್ಷರ ಬಿಡದೆ, ಮರಳಬೇಕು. ಹೋಗುವಾಗ ಸರಿಯಿದ್ದು ಬರುವಾಗ ತಪ್ಪಿದರೆ, ಒಂದು ಕಡೆಯ ಕಡತದಲ್ಲಿ ಗುರುತು ತಪ್ಪಾಗಿದೆ ಎಂದರ್ಥ. ಆಮೇಲೆ ಸಾಲದ ಪುಟದ ಕನ್ನಡ ಲಿಂಕನ್ನು, ತಾಣವನ್ನು ಹಿಂದೆಂದೂ ತೆರೆಯದ ಇನ್ನೊಬ್ಬರ ಫೋನಿಗೆ ವಾಟ್ಸ್‌ಆ್ಯಪ್ ಮಾಡಿ ಅಲ್ಲಿ ಒತ್ತಿಸಿ. ಲಿಂಕಿನ ಜೊತೆ ಮೂಡುವ ಶೀರ್ಷಿಕೆಯೂ ಒಳಗಿನ ಪುಟವೂ ಎರಡೂ ಕನ್ನಡದಲ್ಲಿರಬೇಕು. ಪುಟ ಕನ್ನಡದಲ್ಲಿದ್ದು ಶೀರ್ಷಿಕೆ ಮಾತ್ರ ಇಂಗ್ಲಿಷಿನಲ್ಲಿ ಬಂದರೆ `og:title` ಎಂಬ ಸಾಲನ್ನು ಅನುವಾದಿಸಿಲ್ಲ. ಅದನ್ನು ತಿದ್ದಿಸಿದ ಮೇಲೆ ಬಿಲ್ಲಿಗೆ ಸಹಿ ಹಾಕಿ.